ಬಡ್ಡಿ ಇಳಿದರೆ ಸೀರೆ ಮಾರುತ್ತಾ?

ನಮಸ್ಕಾರ. ವ್ಯಾಪಾರ ಕುಗ್ಗಿದಾಗ ರಿಸರ್ವ್ ಬ್ಯಾಂಕ್ ಏನು ಮಾಡುತ್ತೆ, ಸರ್ಕಾರ ಏನು ಮಾಡುತ್ತೆ ಅಂತ ಹೇಳೋಕೆ ಕರೆದಿದ್ದಾರೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದಿನ ನಡುವೆ ಕೇಳ್ತಿರೋರು ಸ್ವಲ್ಪ ಸೌಂಡ್ ಜಾಸ್ತಿ ಮಾಡ್ಕೊಳ್ಳಿ.

ನಾನು ಹೇಳೋದು ಇಷ್ಟೇ. ರಿಸರ್ವ್ ಬ್ಯಾಂಕ್ ಸಾಲವನ್ನು ಅಗ್ಗ ಮಾಡಬಹುದು, ಗಿರಾಕಿಯನ್ನು ಕರೆತರೋಕೆ ಆಗಲ್ಲ. ಬಡ್ಡಿ ಏರಿಸೋದು ಇಳಿಸೋದು ಅದರ ಕೆಲಸ, ಅದಕ್ಕೆ ಹಣಕಾಸು ನೀತಿ ಅಂತಾರೆ. ತೆರಿಗೆ ಮತ್ತು ಖರ್ಚು ಸರ್ಕಾರದ ಕೆಲಸ, ಅದು ವಿತ್ತೀಯ ನೀತಿ. ಎರಡನ್ನೂ ಒಂದೇ ಗಂಟು ಕಟ್ಟಬೇಡಿ, ದಯವಿಟ್ಟು.

2020ನ್ನು ನೆನಪಿಸಿಕೊಳ್ಳಿ. ಮಾರ್ಚ್ ಕೊನೆಗೆ ಒಮ್ಮೆ, ಮೇನಲ್ಲಿ ಇನ್ನೊಮ್ಮೆ ರಿಸರ್ವ್ ಬ್ಯಾಂಕ್ ರೆಪೋ ದರ, ಅಂದರೆ ತಾನು ಬ್ಯಾಂಕುಗಳಿಗೆ ಕೊಡೋ ಸಾಲದ ಬಡ್ಡಿ, ಇಳಿಸಿತು. ಶೇ 5.15 ಇದ್ದದ್ದು ಶೇ 4ಕ್ಕೆ ಬಂತು. ಆಗ ಬನಹಟ್ಟಿಯ ಪವರ್‌ಲೂಮ್ ಮಾಲೀಕರೊಬ್ಬರ ಜೊತೆ ಲೆಕ್ಕ ಹಾಕ್ತಾ ಕೂತಿದ್ದೆ. ಅವರದು ರೆಪೋಗೆ ಜೋಡಿಸಿದ ಸಾಲ, ಹತ್ತು ಲಕ್ಷ. ದರ ಅಷ್ಟೂ ಇಳಿದು ಅವರಿಗೆ ತಲುಪಿದರೂ ವರ್ಷಕ್ಕೆ ಉಳಿಯೋದು 11,500 ರೂಪಾಯಿ, ಅಂದರೆ ತಿಂಗಳಿಗೆ ಸಾವಿರಕ್ಕೂ ಕಡಿಮೆ. ಹಿಂದಿನ ಕೋಣೆಯಲ್ಲಿ ಸೀರೆಯ ಗಂಟುಗಳು ಸೂರಿನ ತನಕ ಏರಿದ್ದವು. "ಬಡ್ಡಿ ಇಳೀತ್ರಿ ಸರ, ಖರೆ. ಆದ್ರ ಮದುವೀನ ನಿಂತಾವ, ಸೀರಿ ಯಾರು ತಗೋತಾರ್ರಿ?" ಅಂದರು. ಇನ್ನಷ್ಟು ಸಾಲ ತಗೊಂಡು ಇನ್ನಷ್ಟು ಸೀರೆ ನೇಯೋಕೆ ಅವರಿಗೇನು ಹುಚ್ಚಾ? ಬ್ಯಾಂಕುಗಳಿಗೂ ಅಂಜಿಕೆ, ಸೀರೆ ಮಾರದಿದ್ದರೆ ಸಾಲ ತೀರೋದು ಹೇಗೆ ಅಂತ. ಆ ವರ್ಷ ಏಪ್ರಿಲ್ 15ರಂದು ಬ್ಯಾಂಕುಗಳು 6.9 ಲಕ್ಷ ಕೋಟಿ ರೂಪಾಯಿಯನ್ನು ಯಾರಿಗೂ ಸಾಲ ಕೊಡದೆ ರಿಸರ್ವ್ ಬ್ಯಾಂಕಿನಲ್ಲೇ ಇಟ್ಟಿದ್ದವು. ದುಡ್ಡು ಇತ್ತು, ಅಗ್ಗವೂ ಆಗಿತ್ತು, ಆದರೆ ಸುಮ್ನೆ ಬಿದ್ದಿತ್ತು!

ಇಲ್ಲೇ ಸರ್ಕಾರ ಬೇಕಾಗೋದು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಎರಡು ಕೆಲಸ ಮಾಡಿತು. ಸಣ್ಣ ಉದ್ಯಮಗಳ ಬಾಕಿ ಸಾಲದ ಶೇ 20ರಷ್ಟು ಹೊಸ ಸಾಲಕ್ಕೆ ತಾನೇ ಪೂರ್ತಿ ಜಾಮೀನು ನಿಂತಿತು. ನಮ್ಮ ಮಾಲೀಕರ ಲೆಕ್ಕದಲ್ಲಿ ಅದು ಎರಡು ಲಕ್ಷ. ಬ್ಯಾಂಕಿನ ಅಂಜಿಕೆ ಹೋಯಿತು, ಆದರೂ ಅದು ಸಾಲವೇ, ಗಿರಾಕಿ ಅಲ್ಲ. ಎರಡನೆಯದು ಉದ್ಯೋಗ ಖಾತರಿಗೆ ಹೆಚ್ಚುವರಿ 40,000 ಕೋಟಿ. ನನ್ನ ಕೇಳಿದರೆ ಇದೇ ದೊಡ್ಡದು. ಯಾಕಂದರೆ ಆ ದುಡ್ಡು ಕೂಲಿಯಾಗಿ ಹಳ್ಳಿಗೆ ಇಳಿಯುತ್ತೆ, ಕೂಲಿ ಸಿಕ್ಕವರು ಕಾಳು-ಕಡಿ ಆದ ಮೇಲೆ ಬಟ್ಟೆಗೇ ಬರೋದು, ಅಲ್ವಾ?

ಹಾಗಾದರೆ ಸರ್ಕಾರ ಖರ್ಚು ಮಾಡ್ತಾನೇ ಇರಲಿ ಅಂತೀರಾ? ಅದೂ ಸಾಲ ತಂದೇ ಖರ್ಚು ಮಾಡಬೇಕು, ಖರ್ಚು ಅತಿಯಾದರೆ ಬೆಲೆಯೂ ಏರಬಹುದು. ಬೆಲೆ ಏರಿಕೆ ಶೇ 6 ದಾಟಿತು ಅಂದರೆ ರಿಸರ್ವ್ ಬ್ಯಾಂಕಿಗೆ ಬಡ್ಡಿ ಇಳಿಸೋದು ಕಷ್ಟ, ಅದಕ್ಕೆ ಕೊಟ್ಟಿರೋ ಗುರಿ ಶೇ 4, ಮೇಲ್ಮಿತಿ ಶೇ 6. ರಾಜ್ಯ ಸರ್ಕಾರಗಳ ಕೈ ಇನ್ನೂ ಬಿಗಿ, ಎಷ್ಟು ಸಾಲ ಎತ್ತಬಹುದು ಅನ್ನೋ ಮಿತಿಯನ್ನು ಕೇಂದ್ರವೇ ಹಾಕುತ್ತೆ. ಅದರ ಬಗ್ಗೆ ಹೇಳೋದು ಬಹಳ ಇತ್ತು, ಆದರೆ ಗಾಜಿನ ಆಚೆಯಿಂದ ಕೈಸನ್ನೆ ಬಂತು. ಮುಂದಿನ ಸಲ ಬಡ್ಡಿ ಇಳಿದ ಸುದ್ದಿ ಓದಿದಾಗ, ಕೂಲಿ ಹೆಚ್ಚಾಯಿತಾ ಅಂತಲೂ ಪಕ್ಕದಲ್ಲೇ ಹುಡುಕಿ. ನಮಸ್ಕಾರ.