ಅವ್ವನಿಗೆ ಮಿಕ್ಸರ್ ಕೊಡುವ ಮೊದಲು ಡಬ್ಬಿಯ ಸಣ್ಣ ಅಕ್ಷರ ಓದಿ

(ದೃಶ್ಯ: ಕೌಂಟರ್ ಮೇಲೆ ಮಿಕ್ಸರ್, ಮೂರು ಜಾರ್, ಪಕ್ಕದಲ್ಲಿ ಹುರಿದ ಶೇಂಗಾ)

ನಮಸ್ಕಾರ, ಹುಬ್ಬಳ್ಳಿಯ ನಮ್ಮ ಅಂಗಡಿಯಿಂದ. ಮೇ ತಿಂಗಳ ಎರಡನೇ ರವಿವಾರ ಅಮ್ಮಂದಿರ ದಿನ, ಜೂನ್ ಮೂರನೇ ರವಿವಾರ ಅಪ್ಪಂದಿರ ದಿನ. ಗಿಫ್ಟ್ ಅಂತ ಬಂದವರು ಮೊದಲು ಕೇಳುವುದು ಮಿಕ್ಸರ್. ನಾವು ತಿರುಗಿ ಕೇಳುವುದು ಒಂದೇ: ಅವ್ವ ಅದರಲ್ಲಿ ಏನು ಹಾಕುತ್ತಾರೆ?

ಬರೀ ಕಾಯಿ ಚಟ್ನಿ, ಮಸಾಲೆ ಆದರೆ 500 ವ್ಯಾಟ್ ಸಾಕು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬ್ಯಾಡಗಿ ಮೆಣಸಿನಕಾಯಿಯ ಖಾರದಪುಡಿ ಮನೆಯಲ್ಲೇ ಆಗಬೇಕು ಅಂದರೆ 750 ವ್ಯಾಟ್ ತಗೊಳ್ಳಿ. ಇಬ್ಬರೇ ಇರುವ ಮನೆಗೆ 1000 ವ್ಯಾಟ್ ಸುಮ್ನೆ ಖರ್ಚು. ಹೌದು, ಅಂಗಡಿಯವರೇ ಹೇಳ್ತಿದ್ದೇವೆ.

(ಕ್ಯಾಮೆರಾ ಡಬ್ಬಿಯ ಹತ್ತಿರ)

ಇಲ್ಲಿ ನೋಡಿ. ದೊಡ್ಡದಾಗಿ "5 ವರ್ಷ ವಾರಂಟಿ". ಕೆಳಗೆ ಸಣ್ಣದಾಗಿ "ಮೋಟಾರ್‌ಗೆ". ಈ ಮಾಡೆಲ್‌ನಲ್ಲಿ ಪೂರ್ತಿ ಮಿಕ್ಸರ್‌ಗೆ ಇರುವುದು 2 ವರ್ಷ ಮಾತ್ರ. ಅಂದರೆ ಮೂರನೇ ವರ್ಷ ಮೋಟಾರ್ ಸುಟ್ಟರೆ ಕಂಪನಿ ನೋಡಿಕೊಳ್ಳುತ್ತದೆ, ಸ್ವಿಚ್ ಹೋದರೆ ದುಡ್ಡು ನಿಮ್ಮದು. ಜಾರ್ ಕೆಳಗಿನ ಕಪ್ಲರ್, ಬ್ಲೇಡ್, ವಾಷರ್ ಸವೆಯುವ ಸಾಮಾನು. ಅವಕ್ಕೆ ಸಾಮಾನ್ಯವಾಗಿ ವಾರಂಟಿ ಇರುವುದಿಲ್ಲ. ಕಪ್ಲರ್ ಹಲ್ಲು ಸವೆದರೆ ಮೋಟಾರ್ ಗುಂಯ್ ಅನ್ನುತ್ತದೆ, ಬ್ಲೇಡ್ ಮಾತ್ರ ಸರಿಯಾಗಿ ತಿರುಗುವುದಿಲ್ಲ. ಮಿಕ್ಸರ್ ಕೆಟ್ಟಿತು ಅಂತ ಗಾಬರಿ ಬೇಡ, ಕಡಿಮೆ ದುಡ್ಡಲ್ಲಿ ಬದಲಾಗುತ್ತದೆ.

(ಮಿಕ್ಸರ್ ಬೋರಲು ಮಾಡಿ ತೋರಿಸುವುದು)

ತಳದಲ್ಲಿ ಈ ಕೆಂಪು ಬಟನ್ ಇದೆ ಅಲ್ವಾ? ಜಾರ್ ತುಂಬಾ ಶೇಂಗಾ ಹಾಕಿ ಬಿಡದೆ ತಿರುಗಿಸಿದರೆ ಮೋಟಾರ್ ಕಾಯುತ್ತದೆ, ಮಿಕ್ಸರ್ ತಾನೇ ನಿಲ್ಲುತ್ತದೆ. ಆಗ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಸ್ವಲ್ಪ ಸಾಮಾನು ಹೊರಗೆ ತೆಗೆಯಿರಿ. ಮೋಟಾರ್ ಆರಿದ ಮೇಲೆ ಬಟನ್ ಒತ್ತಿ, ಆಮೇಲೆ ಶುರು ಮಾಡಿ. ಹಿಂಡಿಗಂತೂ ಬಿಟ್ಟು ಬಿಟ್ಟು ತಿರುಗಿಸಬೇಕು, ಇಲ್ಲದಿದ್ದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಇದು ನಮಗಿಂತ ಅವ್ವಂದಿರಿಗೇ ಜಾಸ್ತಿ ಗೊತ್ತು.

ಅಪ್ಪನಿಗೆ? ಬಿಪಿ ಮಷಿನ್. ಮನೆಯಲ್ಲೇ ಅವರ ತೋಳಿನ ಸುತ್ತಳತೆ ತೆಗೆದುಕೊಂಡು ಬನ್ನಿ. ತೋಳಿಗೆ ಸುತ್ತುವ ಪಟ್ಟಿಯ ಮೇಲೆ 22–32 ಅಂತಿದ್ದು ತೋಳು 35 ಸೆಂಟಿಮೀಟರ್ ಇದ್ದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. 22–42 ಪಟ್ಟಿ ಕೇಳಿ. ಮಷಿನ್‌ನಷ್ಟೇ ವಾರಂಟಿ ಪಟ್ಟಿಗೂ ಇದೆಯಾ, ಅದನ್ನೂ ಕೇಳಿ.

ಗಿಫ್ಟ್ ಅಂತ ಬೆಲೆ ಚೀಟಿ ಕಿತ್ತು ಹಾಕಿ, ಆದರೆ ಬಿಲ್ ಬಿಸಾಡಬೇಡಿ. ವಾರಂಟಿ ಲೆಕ್ಕ ಶುರುವಾಗುವುದು ಬಿಲ್ ತಾರೀಖಿನಿಂದ, ಡಬ್ಬಿ ಬಿಚ್ಚಿದ ದಿನದಿಂದಲ್ಲ. ತಳದ ಸೀರಿಯಲ್ ನಂಬರ್ ಬಿಲ್‌ನಲ್ಲೂ ಇದೆಯಾ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ.

ಜೂನ್ ಮೂರನೇ ರವಿವಾರದವರೆಗೆ ಗಿಫ್ಟ್ ಪ್ಯಾಕಿಂಗ್ ಉಚಿತ. ಪ್ಯಾಕ್ ಮಾಡುವ ಮೊದಲು ನಿಮ್ಮೆದುರೇ ಓಡಿಸಿ ತೋರಿಸುತ್ತೇವೆ. ಯಾವ ಭಾಗಕ್ಕೆ ಎಷ್ಟು ವರ್ಷ, ಸರ್ವಿಸ್ ಸೆಂಟರ್ ಎಲ್ಲಿ ಅಂತ ಕನ್ನಡದಲ್ಲಿ ಬರೆದ ಚೀಟಿ ಡಬ್ಬಿಯೊಳಗೆ ಇಡುತ್ತೇವೆ. ಕುಂದಗೋಳ, ನವಲಗುಂದದಿಂದ ಬರುವವರು ಹೊರಡುವ ಮುಂಚೆ ಫೋನ್ ಮಾಡಿ, ಬೇಕಾದ ಮಾಡೆಲ್ ತೆಗೆದಿಟ್ಟಿರುತ್ತೇವೆ.