ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡ ಪಾರ್ಸೆಲ್: ಏಜೆಂಟ್‌ಗೆ ಏನು ಕೇಳಬೇಕು, ಯಾವ ಕಾಗದ ಕಳಿಸಬೇಕು

[ಪರದೆ: ಟ್ರ್ಯಾಕಿಂಗ್ ಪುಟ. ಕೊನೆಯ ಸಾಲು "Clearance Event". ತಾರೀಖು ನಾಲ್ಕು ದಿನ ಹಿಂದಿನದು.]

ನಮಸ್ಕಾರ. ಪಾರ್ಸೆಲ್ ಬೆಂಗಳೂರಿಗೆ ಬಂದು ನಾಲ್ಕು ದಿನ ಆಯ್ತು, ಟ್ರ್ಯಾಕಿಂಗ್‌ನಲ್ಲಿ ಇದೊಂದೇ ಸಾಲು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ಪ್ರೊಸೆಸ್‌ನಲ್ಲಿದೆ ಸರ್, 48 ಗಂಟೆ ಕಾಯಿರಿ" ಅಂತಾರೆ. ಮತ್ತೆ ಮಾಡಿದರೆ ಮತ್ತೆ 48 ಗಂಟೆ.

ಅವರು ಸುಳ್ಳು ಹೇಳ್ತಿದ್ದಾರೆ ಅಂತಲ್ಲ. ಫೋನ್ ಎತ್ತುವವರಿಗೆ ಕಾಣುವುದೂ ನಿಮಗೆ ಕಾಣುವ ಅದೇ ಸಾಲು. ನೀವು "ನನ್ನ ಪಾರ್ಸೆಲ್ ಎಲ್ಲಿ?" ಅಂತ ಕೇಳಿದರೆ ಉತ್ತರ "ಕಸ್ಟಮ್ಸ್‌ನಲ್ಲಿ" ಅಂತಲೇ ಬರುತ್ತೆ. ಅದರ ಬದಲು ಕೇಳಬೇಕಾದ್ದು ಇದು:

[ಪರದೆಯ ಮೇಲೆ ದೊಡ್ಡ ಅಕ್ಷರ: "ಬಿಲ್ ಆಫ್ ಎಂಟ್ರಿ ಫೈಲ್ ಆಗಿದೆಯಾ? ಆಗಿದ್ದರೆ ನಂಬರ್, ತಾರೀಖು ಕೊಡಿ."]

ಬಿಲ್ ಆಫ್ ಎಂಟ್ರಿ ಅಂದರೆ ಆಮದಾದ ಮಾಲಿನ ಬಗ್ಗೆ ಕಸ್ಟಮ್ಸ್‌ಗೆ ಕೊಡುವ ಘೋಷಣೆ. ಕೊರಿಯರ್‌ನಲ್ಲಿ ಬಂದ ಮಾಲಿಗೆ ಇದನ್ನು ಸಾಮಾನ್ಯವಾಗಿ ಕೊರಿಯರ್ ಕಂಪನಿಯೇ ನಿಮ್ಮ ಪರವಾಗಿ ಸಲ್ಲಿಸುತ್ತೆ. ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಪಾರ್ಸೆಲ್ ಯಾರ ಕೈಯಲ್ಲಿ ಕೂತಿದೆ ಅನ್ನೋದು ಗೊತ್ತಾಗುತ್ತೆ.

"ಇನ್ನೂ ಫೈಲ್ ಆಗಿಲ್ಲ" ಅಂದರೆ ಕಸ್ಟಮ್ಸ್ ಅಧಿಕಾರಿ ನಿಮ್ಮ ಮಾಲನ್ನು ನೋಡಿಯೇ ಇಲ್ಲ. ಕೊರಿಯರ್‌ನವರು ನಿಮ್ಮ ಕೆವೈಸಿಗೋ ಇನ್ವಾಯ್ಸ್‌ಗೋ ಕಾಯ್ತಿದ್ದಾರೆ, ಇಲ್ಲವೇ ಅವರ ಮೇಲ್ ನಿಮ್ಮ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿದೆ. ಮೊದಲು ಅಲ್ಲಿ ನೋಡಿ. "ಫೈಲ್ ಆಗಿದೆ, ಕ್ವೆರಿ ಬಂದಿದೆ" ಅಂದರೆ ಅಧಿಕಾರಿ ಏನೋ ಪ್ರಶ್ನೆ ಹಾಕಿದ್ದಾರೆ, ಉತ್ತರ ನಮ್ಮ ಕಡೆಯಿಂದ ಹೋಗಬೇಕು. "ಅಸೆಸ್ ಆಗಿದೆ, ಡ್ಯೂಟಿ ಬಾಕಿ" ಅಂದರೆ ಸುಂಕ ಎಷ್ಟು ಅಂತ ನಿಗದಿಯಾಗಿದೆ, ದುಡ್ಡು ಕಟ್ಟಬೇಕು ಅಷ್ಟೇ. "ಔಟ್ ಆಫ್ ಚಾರ್ಜ್ ಆಗಿದೆ" ಅಂದರೆ ಕಸ್ಟಮ್ಸ್ ಕೆಲಸ ಮುಗೀತು, ಆಮೇಲಿನ ತಡ ಪೂರ್ತಿ ಕೊರಿಯರ್‌ನದು.

ಇವುಗಳಲ್ಲಿ ಜನ ಹೆಚ್ಚು ಒದ್ದಾಡುವುದು ಎರಡನೆಯದರಲ್ಲಿ, ಅಂದರೆ ಕ್ವೆರಿಯಲ್ಲಿ. ಹಾಗಾಗಿ ಒಂದು ಉದಾಹರಣೆ ಹಿಡಿದು ಅದನ್ನೇ ಪೂರ್ತಿ ನೋಡೋಣ.

[ಪರದೆ: ಕಾರ್ಟನ್ ಬಾಕ್ಸ್. ಮೇಲೆ ಅಂಟಿಸಿದ ಪಾರದರ್ಶಕ ಪೌಚ್, ಒಳಗೆ ಮಡಿಸಿದ ಕಾಗದ.]

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್ ಜರ್ಮನಿಯಿಂದ ಎರಡು ಪ್ರೆಶರ್ ಸೆನ್ಸರ್ ತರಿಸಿದೆ ಅಂತಿಟ್ಟುಕೊಳ್ಳಿ. ಒಂದಕ್ಕೆ 320 ಯೂರೋ, ಒಟ್ಟು 640. ದುಡ್ಡು ಬ್ಯಾಂಕಿನಿಂದ ಮೊದಲೇ ಹೋಗಿದೆ. ಸರಿಯಾದ ಇನ್ವಾಯ್ಸ್ ಇವರ ಮೇಲ್‌ಗೆ ಬಂದಿದೆ. ಆದರೆ ಬಾಕ್ಸ್ ಮೇಲಿನ ಪೌಚ್‌ನಲ್ಲಿ ಅಲ್ಲಿನ ಪ್ಯಾಕಿಂಗ್ ಹುಡುಗ ಒಂದು ಪ್ರೊಫಾರ್ಮಾ, ಅಂದರೆ ಕರಡು ಇನ್ವಾಯ್ಸ್, ಹಾಕಿದ್ದಾನೆ. ಅದರಲ್ಲಿರೋದು "ಸ್ಪೇರ್ ಪಾರ್ಟ್ಸ್, 2 ನಗ, 64 ಯೂರೋ". ಒಂದು ಸೊನ್ನೆ ತಪ್ಪಿತೋ, "ಡ್ಯೂಟಿ ಉಳೀಲಿ ಪಾಪ" ಅಂತ ಉಪಕಾರ ಮಾಡಿದನೋ, ಅಂತೂ ಸಿಕ್ಕಿಹಾಕಿಕೊಂಡವರು ನಾವು.

ಇಲ್ಲಿ ಎರಡು ತೊಂದರೆ ಒಟ್ಟಿಗೆ ಬಂದಿವೆ. "ಸ್ಪೇರ್ ಪಾರ್ಟ್ಸ್" ಅನ್ನೋದು ವಿವರವೇ ಅಲ್ಲ. ಯಾವ ವಸ್ತು ಅಂತ ತಿಳಿಯದೆ ಅದರ ವರ್ಗ ಸೂಚಿಸುವ ಎಚ್‌ಎಸ್ ಕೋಡ್ ಹಾಕಕ್ಕಾಗಲ್ಲ, ಕೋಡ್ ಇಲ್ಲದೆ ಡ್ಯೂಟಿ ದರ ಸಿಗಲ್ಲ. ಎರಡನೆಯದು ಬೆಲೆ. ಘೋಷಿಸಿದ ಬೆಲೆಯ ಮೇಲೆ ಅನುಮಾನ ಬಂದರೆ ಹೆಚ್ಚಿನ ದಾಖಲೆ ಕೇಳುವ ಅಧಿಕಾರವನ್ನು 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳ 12ನೇ ನಿಯಮ ಅಧಿಕಾರಿಗೆ ಕೊಡುತ್ತೆ. ಅವರು ಕೇಳಿರೋದು ಅದನ್ನೇ.

ಆದರೆ ಕೊರಿಯರ್‌ನಿಂದ ನಿಮಗೆ ಬರುವ ಮೇಲ್‌ನಲ್ಲಿ "ಹೆಚ್ಚಿನ ದಾಖಲೆ ಬೇಕು" ಅಂತ ಮಾತ್ರ ಇರುತ್ತೆ. ಯಾವ ದಾಖಲೆ? ಅದಕ್ಕೇ ಕ್ವೆರಿಯ ಸಾರಾಂಶ ಬೇಡ, ಅಧಿಕಾರಿ ಬರೆದ ಮೂಲ ವಾಕ್ಯವನ್ನೇ ಕಾಪಿ ಮಾಡಿ ಕಳಿಸಿ ಅಂತ ಕೇಳಿ. ಇಲ್ಲದಿದ್ದರೆ ಅಧಿಕಾರಿ ಕ್ಯಾಟಲಾಗ್ ಕೇಳಿರ್ತಾರೆ, ನೀವು ಪ್ಯಾನ್ ಕಾರ್ಡ್ ಕಳಿಸ್ತೀರಿ, ಎರಡು ದಿನ ಹಾಗೇ ಹೋಗುತ್ತೆ.

[ಪರದೆ: ಮೇಲ್ ಬರೆಯುವ ವಿಂಡೋ. ಒಂದೊಂದೇ ಸಾಲು ಮೂಡುತ್ತದೆ.]

ಈಗ ಮೇಲ್ ಬರೆಯೋಣ. ನೀವು ಕಳಿಸುವಾಗ ಇಂಗ್ಲಿಷಿನಲ್ಲೇ ಕಳಿಸಿ, ಕೊರಿಯರ್‌ನ ಕ್ಲಿಯರೆನ್ಸ್ ಏಜೆಂಟ್ ಅದನ್ನೇ ಕಸ್ಟಮ್ಸ್‌ಗೆ ದಾಟಿಸಬಹುದು. ನಾನಿಲ್ಲಿ ಕನ್ನಡದಲ್ಲಿ ಓದ್ತೀನಿ.

ವಿಷಯದ ಸಾಲಿನಲ್ಲಿ ಮೊದಲು ಏರ್‌ವೇ ಬಿಲ್ ನಂಬರ್, ಅಂದರೆ ಪಾರ್ಸೆಲ್‌ನ ಟ್ರ್ಯಾಕಿಂಗ್ ನಂಬರ್, ಆಮೇಲೆ ನಿಮ್ಮ ಸಂಸ್ಥೆಯ ಹೆಸರು, ಆಮೇಲೆ "ಬೆಲೆ ಕ್ವೆರಿಗೆ ಉತ್ತರ". "ಅರ್ಜೆಂಟ್" ಅಂತ ದಪ್ಪ ಅಕ್ಷರದಲ್ಲಿ ಹಾಕಬೇಡಿ, ಅಲ್ಲಿಗೆ ಬರುವ ಎಲ್ಲ ಮೇಲೂ ಅರ್ಜೆಂಟೇ.

[ಓದುವ ಧ್ವನಿ]

"ನಮಸ್ತೆ. ಮೇಲಿನ ಏರ್‌ವೇ ಬಿಲ್‌ನ ಮಾಲು ಜರ್ಮನಿಯಿಂದ ಬೆಂಗಳೂರಿಗೆ ಬಂದಿದೆ. ಒಂದು ಬಾಕ್ಸ್, ತೂಕ 3.4 ಕೆಜಿ. ಒಳಗಿರುವುದು ಕೈಗಾರಿಕಾ ಪ್ರೆಶರ್ ಸೆನ್ಸರ್, 2 ನಗ, ಹೊಸದು. ಮಾಡೆಲ್ ನಂಬರ್ ಇನ್ವಾಯ್ಸ್‌ನ ಮೊದಲ ಸಾಲಿನಲ್ಲಿದೆ. ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತಡ ಅಳೆಯಲು ನಮ್ಮದೇ ಬಳಕೆಗೆ. ಬ್ಲೂಟೂತ್, ವೈಫೈ ಯಾವುದೂ ಇಲ್ಲ, ಬ್ಯಾಟರಿ ಇಲ್ಲ.

ಬಾಕ್ಸ್ ಮೇಲಿನ ಪ್ರೊಫಾರ್ಮಾದಲ್ಲಿ 64 ಯೂರೋ ಎಂದಿರುವುದು ತಪ್ಪು. ನಾವು ಕೊಟ್ಟ ಬೆಲೆ 640 ಯೂರೋ, ಎಫ್‌ಸಿಎ ಫ್ರಾಂಕ್‌ಫರ್ಟ್. ಸಾಗಣೆ ವೆಚ್ಚ ಬೇರೆ, 48 ಯೂರೋ. ಇದನ್ನು ತೋರಿಸುವ ದಾಖಲೆಗಳನ್ನು ಲಗತ್ತಿಸಿದ್ದೇವೆ. 640 ಯೂರೋ ಆಧಾರದ ಮೇಲೆ ಅಸೆಸ್ ಮಾಡಲು ನಮ್ಮ ಒಪ್ಪಿಗೆ ಇದೆ. ಬಿಲ್ ಆಫ್ ಎಂಟ್ರಿಯಲ್ಲಿ ನಮ್ಮ ಜಿಎಸ್‌ಟಿಐಎನ್ ಇದೆಯೇ ಎಂದು ದಯವಿಟ್ಟು ಖಚಿತಪಡಿಸಿ."

[ಪರದೆ: ಹೋಸ್ಟ್]

ಬ್ಲೂಟೂತ್ ಇಲ್ಲ, ಬ್ಯಾಟರಿ ಇಲ್ಲ ಅಂತ ಕೇಳದೆಯೇ ಹೇಳಿದ್ದು ಯಾಕೆ ಅಂದರೆ, ಅಧಿಕಾರಿಯ ಮುಂದಿನ ಪ್ರಶ್ನೆ ಅದೇ ಆಗಿರಬಹುದು. ವೈರ್‌ಲೆಸ್ ಇರುವ ಸಾಧನಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಕೊಡುವ ಇಟಿಎ ಪ್ರಮಾಣಪತ್ರ ಕೇಳ್ತಾರೆ. ಬಾಕ್ಸ್‌ನಲ್ಲಿ ಒಂದು ಪವರ್ ಅಡಾಪ್ಟರ್ ಇದ್ದರೆ ಭಾರತೀಯ ಮಾನಕ ಸಂಸ್ಥೆ ಬಿಐಎಸ್‌ನ ನೋಂದಣಿಯ ಪ್ರಶ್ನೆ ಬರುತ್ತೆ. ಇಂಥದ್ದು ನಿಜವಾಗಿಯೂ ಬೇಕಿದ್ದರೆ ಮೇಲ್‌ನಿಂದ ಬಗೆಹರಿಯಲ್ಲ, ಅದು ಬೇರೆಯೇ ಕಥೆ.

ಲಗತ್ತುಗಳಿಗೆ ಬರೋಣ. ಪ್ರತಿ ಕಾಗದವೂ ಒಂದೊಂದು ಅನುಮಾನ ಕಳೀಬೇಕು. ಕಮರ್ಷಿಯಲ್ ಇನ್ವಾಯ್ಸ್ ಬೆಲೆ ಹೇಳುತ್ತೆ, ಆದರೆ ಅದನ್ನು ಯಾರು ಬೇಕಾದರೂ ಟೈಪ್ ಮಾಡಬಹುದು ಅಂತ ಅಧಿಕಾರಿಗೂ ಗೊತ್ತು. ಈ ಜಾಗದಲ್ಲಿ ಹೆಚ್ಚು ತೂಕ ಇರೋದು ಬ್ಯಾಂಕಿನ ಸ್ವಿಫ್ಟ್ ಕಾಪಿಗೆ, ಅಂದರೆ ವಿದೇಶಕ್ಕೆ ದುಡ್ಡು ಹೋದ ದಾಖಲೆಗೆ. ಅದರಲ್ಲಿ 640 ಅಂತಿದ್ದು, ಪಾವತಿ ವಿವರದಲ್ಲಿ ಇನ್ವಾಯ್ಸ್ ನಂಬರೂ ಇದ್ದರೆ ಅರ್ಧ ಕೆಲಸ ಆದಂತೆ. ಸಾಗಣೆಯನ್ನೂ ಸೇರಿಸಿ 688 ಕಳಿಸಿದ್ದರೆ ಆ ಲೆಕ್ಕವನ್ನು ಮೇಲ್‌ನಲ್ಲಿ ಒಂದು ಸಾಲಿನಲ್ಲಿ ಬಿಡಿಸಿ ಹೇಳಿ, ಇಲ್ಲದಿದ್ದರೆ ಅದೇ ಹೊಸ ಕ್ವೆರಿ. ಪರ್ಚೇಸ್ ಆರ್ಡರ್ ಹಾಕಿ, ತಾರೀಖು ಇನ್ವಾಯ್ಸ್‌ಗಿಂತ ಹಿಂದಿನದು ಅಂತ ನೋಡಿಕೊಳ್ಳಿ. ಕ್ಯಾಟಲಾಗ್‌ನ 200 ಪುಟ ಬೇಡ, ಆ ಮಾಡೆಲ್ ಇರುವ ಒಂದು ಪುಟ ಸಾಕು, ಮಾಡೆಲ್ ನಂಬರ್‌ಗೆ ಹಳದಿ ಹಚ್ಚಿ. ಪ್ರೊಫಾರ್ಮಾ ತಪ್ಪಾಗಿ ಹೋಗಿದೆ ಅಂತ ಕಳಿಸಿದವರ ಲೆಟರ್‌ಹೆಡ್‌ನಲ್ಲಿ ಸಹಿ ಇರುವ ಒಂದು ಪತ್ರ ತರಿಸಿ.

ಇಲ್ಲಿ ಒಂದು ತಪ್ಪು ಮಾತ್ರ ಮಾಡಬೇಡಿ. ಹಳೇ ತಾರೀಖು ಹಾಕಿ ಹೊಸ ಇನ್ವಾಯ್ಸ್ ಮಾಡಿಸಬೇಡಿ. ಮೊದಲ ಕಾಗದ ಅಧಿಕಾರಿಯ ಕೈಯಲ್ಲೇ ಇದೆ. ಪತ್ರದಲ್ಲಿ ಒಪ್ಪಿಕೊಂಡ ತಪ್ಪು ತಪ್ಪಾಗಿಯೇ ಉಳಿಯುತ್ತೆ, ಕಾಗದ ಬದಲಾಯಿಸಿದರೆ ಅದು ಮೋಸದ ಲೆಕ್ಕಕ್ಕೆ ಹೋಗುತ್ತೆ.

ಇವುಗಳ ಜೊತೆಗೆ ಸಂಸ್ಥೆಯ ಕೆವೈಸಿ: ಆಮದು-ರಫ್ತು ಕೋಡ್ ಆದ ಐಇಸಿ, ಜಿಎಸ್‌ಟಿ ಪ್ರಮಾಣಪತ್ರ, ಮತ್ತು ನಿಮ್ಮ ಪರವಾಗಿ ಕ್ಲಿಯರೆನ್ಸ್ ಮಾಡಲು ಕೊರಿಯರ್‌ಗೆ ಕೊಡುವ ಅಧಿಕಾರ ಪತ್ರ. ಈ ಮೂರರಲ್ಲೂ ಹೆಸರು, ವಿಳಾಸ ಒಂದೇ ಥರ ಇರಲಿ. ಸ್ವಂತ ಬಳಕೆಗೆ ತರಿಸಿದ ವ್ಯಕ್ತಿಗೆ ಐಇಸಿ ಬೇಡ, ಗುರುತಿನ ಚೀಟಿ ಮತ್ತು ವಿಳಾಸದ ಪುರಾವೆ ಸಾಕು.

[ಪರದೆ: ಕ್ಯಾಲ್ಕುಲೇಟರ್, ಪಕ್ಕದಲ್ಲಿ ಎರಡು ಕಾಲಂ]

ಸಾಗಣೆಯ 48 ಯೂರೋವನ್ನು ಅಷ್ಟು ಒತ್ತಿ ಹೇಳಿದ್ದಕ್ಕೂ ಕಾರಣ ಇದೆ. ಎಫ್‌ಸಿಎ ಫ್ರಾಂಕ್‌ಫರ್ಟ್ ಅಂದರೆ ಅಲ್ಲಿಂದ ಮುಂದಿನ ಸಾಗಣೆ ಖರ್ಚು 640ರಲ್ಲಿ ಸೇರಿಲ್ಲ. ಡ್ಯೂಟಿ ಲೆಕ್ಕಕ್ಕೆ ಮಾಲಿನ ಬೆಲೆಗೆ ಸಾಗಣೆ ಮತ್ತು ವಿಮೆ ಸೇರಿಸ್ತಾರೆ. ಸಾಗಣೆ ವೆಚ್ಚಕ್ಕೆ ದಾಖಲೆ ಇಲ್ಲದಿದ್ದರೆ ಮಾಲಿನ ಬೆಲೆಯ ಶೇ 20 ಅಂತ ಹಿಡೀತಾರೆ, ವಿಮೆಗೆ ಶೇ 1.125. ನಮ್ಮ ಮಾಲಿಗೆ ಶೇ 20 ಅಂದರೆ 128 ಯೂರೋ. ನಿಜವಾದ ಖರ್ಚು 48.

ಲೆಕ್ಕ ಸುಲಭವಾಗಲಿ ಅಂತ ಯೂರೋಗೆ 100 ರೂಪಾಯಿ, ಬೇಸಿಕ್ ಡ್ಯೂಟಿ ಶೇ 7.5, ಐಜಿಎಸ್‌ಟಿ ಶೇ 18 ಅಂತ ಹಿಡಿಯೋಣ. ಸಾಗಣೆಯ ಬಿಲ್ ತೋರಿಸಿದರೆ, ವಿಮೆಯ ಶೇ 1.125 ಸೇರಿ, ಮೌಲ್ಯ 69,520 ರೂಪಾಯಿ. ಬೇಸಿಕ್ ಡ್ಯೂಟಿ 5,214. ಅದರ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್, 521. ಇಷ್ಟೂ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ, 13,546. ಒಟ್ಟು ಸುಮಾರು 19,281. ಸಾಗಣೆಯ ಬಿಲ್ ಇಲ್ಲದಿದ್ದರೆ ಇದೇ ಮಾಲಿಗೆ 21,500. ಒಂದು ಪಿಡಿಎಫ್ ಲಗತ್ತಿಸದ್ದಕ್ಕೆ 2,219 ರೂಪಾಯಿ ಹೆಚ್ಚು.

[ಪರದೆ: ಹೋಸ್ಟ್]

ಮೇಲ್ ಕಳಿಸಿದ ಮಾರನೇ ದಿನ ಫೋನ್ ಮಾಡಿ. ಆಗಲೂ ಒಂದೇ ಪ್ರಶ್ನೆ: "ನಮ್ಮ ಉತ್ತರ ಕಸ್ಟಮ್ಸ್‌ಗೆ ಸಲ್ಲಿಕೆ ಆಯ್ತಾ, ಎಷ್ಟು ಗಂಟೆಗೆ?" ದಾಖಲೆ ಏಜೆಂಟ್‌ನ ಇನ್‌ಬಾಕ್ಸ್‌ನಲ್ಲೇ ಕೂತಿರೋದು ಬಹಳ ಸಾಮಾನ್ಯ. ಬೇಡಿಕೊಳ್ಳೋದೂ ಬೇಡ, ರೇಗೋದೂ ಬೇಡ. ಸಲ್ಲಿಸಿದ ಸಮಯ ಕೇಳಿದರೆ ಅವರು ಹೋಗಿ ನೋಡಲೇಬೇಕಾಗುತ್ತೆ.

ಗೋದಾಮಿನಲ್ಲಿ ಉಚಿತ ಅವಧಿ ಮುಗಿದ ಮೇಲೆ ದಿನದ ಲೆಕ್ಕದಲ್ಲಿ ಡೆಮರೇಜ್, ಅಂದರೆ ಇಟ್ಟುಕೊಂಡ ಬಾಡಿಗೆ, ಏರ್ತಾ ಹೋಗುತ್ತೆ, ಅದು ಯಾವತ್ತಿನಿಂದ ಶುರು ಅಂತ ಮೊದಲ ಮೇಲ್‌ನಲ್ಲೇ ಕೇಳಿಟ್ಟುಕೊಳ್ಳಿ. ಇಳಿಸಿದ 30 ದಿನದೊಳಗೆ ಕ್ಲಿಯರ್ ಆಗದ ಮಾಲನ್ನು, ಆಮದುದಾರರಿಗೆ ನೋಟಿಸ್ ಕೊಟ್ಟು, ಕಸ್ಟಮ್ಸ್ ಅನುಮತಿ ಪಡೆದು ಮಾರಲು ಕಸ್ಟಮ್ಸ್ ಕಾಯ್ದೆಯ 48ನೇ ಕಲಮಿನಲ್ಲಿ ಅವಕಾಶ ಇದೆ.

ಈ ಮಧ್ಯೆ ಯಾರಾದರೂ "ಕಸ್ಟಮ್ಸ್ ಆಫೀಸರ್ ಮಾತಾಡ್ತಿರೋದು" ಅಂತ ಫೋನ್ ಮಾಡಿ ಯುಪಿಐ ಐಡಿ ಕಳಿಸಿದರೆ ದುಡ್ಡು ಹಾಕಬೇಡಿ. ಇಲಾಖೆಯ ಪತ್ರದ ಮೇಲೆ ಡಿಐಎನ್ ಅನ್ನೋ ದಾಖಲೆ ಗುರುತಿನ ಸಂಖ್ಯೆ ಇರುತ್ತೆ, ಕಸ್ಟಮ್ಸ್ ನೋಡಿಕೊಳ್ಳುವ ಕೇಂದ್ರ ಮಂಡಳಿ ಸಿಬಿಐಸಿಯ ವೆಬ್‌ಸೈಟ್‌ನಲ್ಲಿ ಹಾಕಿ ಪತ್ರ ಅಸಲಿಯಾ ಅಂತ ನೋಡಬಹುದು.

[ಪರದೆ: ಕೊರಿಯರ್ ಬಿಲ್, ಒಂದು ಸಾಲಿಗೆ ಕೆಂಪು ಗುರುತು]

ಮಾಲು ಕೈಗೆ ಬಂದಾಗ ಜೊತೆಗೆ ಬರುವ ಬಿಲ್ಲನ್ನು ಬಿಡಿಸಿ ನೋಡಿ. ಡ್ಯೂಟಿ ಒಂದು ಸಾಲು. ನಿಮ್ಮ ಪರವಾಗಿ ಮುಂಗಡ ಡ್ಯೂಟಿ ಕಟ್ಟಿದ್ದಕ್ಕೆ ಕೊರಿಯರ್ ಹಾಕುವ ಶುಲ್ಕ ಇನ್ನೊಂದು ಸಾಲು, ಅದರ ಮೇಲೆ ಜಿಎಸ್‌ಟಿ. ಈ ಎರಡನೆಯದು ಸರ್ಕಾರಕ್ಕೆ ಹೋಗುವ ದುಡ್ಡಲ್ಲ. ಬಿಲ್ ಆಫ್ ಎಂಟ್ರಿಯ ಪ್ರತಿಯನ್ನು ಅವತ್ತೇ ಕೇಳಿ ತಗೊಳ್ಳಿ. ಮೇಲಿನ ಲೆಕ್ಕದ 13,546 ರೂಪಾಯಿ ಐಜಿಎಸ್‌ಟಿಯನ್ನು ವರ್ಕ್‌ಶಾಪ್ ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯೋದು ಆ ಕಾಗದದ ಮೇಲೆ, ಅದೂ ಅದರಲ್ಲಿ ಅವರ ಜಿಎಸ್‌ಟಿಐಎನ್ ಸರಿಯಾಗಿದ್ದರೆ. ತಪ್ಪಿದ್ದರೆ ಕಸ್ಟಮ್ಸ್ ಕಾಯ್ದೆಯ 149ನೇ ಕಲಮಿನಡಿ ತಿದ್ದುಪಡಿಗೆ ಅರ್ಜಿ ಹಾಕಬೇಕು, ಅದಕ್ಕೂ ಇದೇ ಏಜೆಂಟ್‌ಗೇ ಮೇಲ್ ಬರೀಬೇಕು.