ಟೋಟಲ್ ಕಡಿಮೆ ಇದೆ, ಸರಿ, ಎಸ್‌ಎಚ್‌ಬಿಜಿ ಎಷ್ಟಿದೆ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಫ್ಯಾಮಿಲಿ ಡಾಕ್ಟರುಗಳಿದ್ದೀರಿ, ಲ್ಯಾಬ್ ನಡೆಸುವವರಿದ್ದೀರಿ, ಹಾಗಾಗಿ ಟೆಸ್ಟೋಸ್ಟೆರಾನ್ ಅಂದರೇನು ಅಂತ ಮೊದಲಿನಿಂದ ಹೇಳುತ್ತಾ ಕೂರುವುದಿಲ್ಲ. ನಡುವಯಸ್ಸಿನ ಗಂಡಸಿನ ರಿಪೋರ್ಟ್‌ನಲ್ಲಿ ಟೋಟಲ್ ಟೆಸ್ಟೋಸ್ಟೆರಾನ್ ಕಡಿಮೆ ಬಂದರೆ ಅದೊಂದನ್ನೇ ನೋಡಿ ಇಂಜೆಕ್ಷನ್ ಬರೆಯಬೇಡಿ, ಆ ಹಾರ್ಮೋನನ್ನು ರಕ್ತದಲ್ಲಿ ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ಎಸ್‌ಎಚ್‌ಬಿಜಿ ಎಷ್ಟಿದೆ ನೋಡಿ. ಇದನ್ನು ಹೇಳುವುದಕ್ಕೇ ನಾನು ಬಂದಿದ್ದೇನೆ. ಮಾತಿನ ಮಧ್ಯೆ ಇದೇ ಮತ್ತೆ ಮತ್ತೆ ಬರುತ್ತದೆ, ದಯವಿಟ್ಟು ಸಹಿಸಿಕೊಳ್ಳಿ.

ಒಬ್ಬ ರೋಗಿಯ ಕತೆಯನ್ನೇ ಪೂರ್ತಿ ಹೇಳುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ವಯಸ್ಸು 44, ಬಟ್ಟೆ ಅಂಗಡಿ, ದಿನವಿಡೀ ಗಲ್ಲಾದ ಮುಂದೆ ಕೂತು ಕೆಲಸ. ತೂಕ 92 ಕೆಜಿ, ಆರು ವರ್ಷದಿಂದ ಶುಗರ್, ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್. ಸುಸ್ತು, ಊಟ ಆದ ಮೇಲೆ ನಿದ್ದೆ, ಲೈಂಗಿಕ ಆಸಕ್ತಿ ಮೊದಲಿನ ಹಾಗಿಲ್ಲ. ಯಾವುದೋ ಹೆಲ್ತ್ ಪ್ಯಾಕೇಜ್ ಮಾಡಿಸಿದ್ದಾರೆ. ಅದರಲ್ಲಿ ಟೋಟಲ್ ಟೆಸ್ಟೋಸ್ಟೆರಾನ್ 1.96, ಕೆಂಪು ಅಕ್ಷರದಲ್ಲಿ. ಫ್ರೀ ಟೆಸ್ಟೋಸ್ಟೆರಾನ್ 6.2, ಅದೂ ಕೆಂಪು. ಒಂದು ಕಡೆ ಮೂರು ವಾರಕ್ಕೊಂದು ಇಂಜೆಕ್ಷನ್ ಅಂತ ಬರೆದೂ ಕೊಟ್ಟಿದ್ದರು. ಚೀಟಿ ಜೇಬಿನಲ್ಲಿಟ್ಟುಕೊಂಡೇ ನನ್ನ ಹತ್ತಿರ ಬಂದರು. "ಡಾಕ್ಟ್ರೇ, ಶುರು ಮಾಡಲಾ?" ಅಂದರು.

ಮೊದಲು ಸಂಖ್ಯೆಯನ್ನು ಸರಿಯಾಗಿ ಓದೋಣ. 1.96 ಅಂದರೆ ಒಂದು ಮಿಲಿಲೀಟರ್‌ಗೆ 1.96 ನ್ಯಾನೋಗ್ರಾಂ. ನಾವು ಓದಿಕೊಂಡಿರುವ 300ರ ಗಡಿ ಇದೆಯಲ್ಲ, ಅದು ಡೆಸಿಲೀಟರ್ ಲೆಕ್ಕ. ನೂರರಿಂದ ಗುಣಿಸಿದರೆ ಇವರದು 196. ಈ ಗೊಂದಲದಲ್ಲೇ ಎಷ್ಟೋ ಜನ ಗಾಬರಿಯಾಗುತ್ತಾರೆ, "ನಂದು ಎರಡೂ ಇಲ್ಲ ಸಾರ್, ಮುನ್ನೂರು ಇರಬೇಕಂತೆ" ಅಂತ.

ಆಮೇಲೆ ರಿಪೋರ್ಟ್‌ನಲ್ಲಿ ರಕ್ತ ತೆಗೆದ ಹೊತ್ತು ನೋಡಿದೆ. ಸಂಜೆ 4 ಗಂಟೆ, ಊಟ ಆದ ಮೇಲೆ. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಜಾಸ್ತಿ, ಸಂಜೆ ಕಡಿಮೆ. ಊಟವೂ ಅದನ್ನು ಇಳಿಸುತ್ತದೆ. ಬರೀ ಗ್ಲೂಕೋಸ್ ಕುಡಿಸಿದರೂ ಸುಮಾರು ಕಾಲು ಭಾಗ ಬೀಳಬಹುದು. ಅದಕ್ಕೇ ಬೆಳಿಗ್ಗೆ 7ರಿಂದ 10ರ ಒಳಗೆ, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ ನೋಡಬೇಕು ಅನ್ನುವುದು. ಜ್ವರ ಬಂದು ಎದ್ದವರಲ್ಲಿ, ಆಸ್ಪತ್ರೆಯಲ್ಲಿ ಮಲಗಿದವರಲ್ಲಿ ನೋಡಲೇಬಾರದು, ಆಗ ಎಲ್ಲರಿಗೂ ಕಡಿಮೆಯೇ ಬರುತ್ತದೆ. ಲ್ಯಾಬ್‌ನವರಲ್ಲಿ ನನ್ನ ಒಂದು ಬೇಡಿಕೆ: ಸಂಜೆ ಈ ಟೆಸ್ಟ್‌ಗೆ ಬಂದವರನ್ನು ವಾಪಸ್ ಕಳಿಸಿ. ಗಿರಾಕಿ ಹೋದರೆ ಹೋಗಲಿ, ನಾಳೆ ಬೆಳಿಗ್ಗೆ ಬರುತ್ತಾರೆ.

ಇವರಿಗೆ ಹಾಗೆ ಎರಡು ಸಲ ಮಾಡಿಸಿದೆವು. 248 ಮತ್ತು 255. ಸಂಜೆಯದಕ್ಕಿಂತ ಮೇಲು, ಆದರೂ 300ಕ್ಕಿಂತ ಕೆಳಗೇ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಎರಡು ಸಲ ಕಡಿಮೆ, ಸುಸ್ತೂ ಇದೆ, ಸೂಜಿ ಹಾಕಿ. ಇಲ್ಲೇ ನಾನು ಕೇಳುವುದು, ಎಸ್‌ಎಚ್‌ಬಿಜಿ ಎಷ್ಟಿದೆ?

ಹಾರ್ಮೋನನ್ನು ದುಡ್ಡು ಅಂದುಕೊಳ್ಳಿ. ಎಸ್‌ಎಚ್‌ಬಿಜಿಗೆ ಅಂಟಿಕೊಂಡಿರುವುದು ಎಫ್‌ಡಿ, ಸುಲಭಕ್ಕೆ ಬಿಡಿಸಿಕೊಳ್ಳಲಾಗದು. ರಕ್ತದ ಇನ್ನೊಂದು ಪ್ರೋಟೀನ್ ಆಲ್ಬುಮಿನ್‌ಗೆ ಸಡಿಲವಾಗಿ ಅಂಟಿರುವುದು ಉಳಿತಾಯ ಖಾತೆ, ಬೇಕಾದಾಗ ತೆಗೆಯಬಹುದು. ಯಾವುದಕ್ಕೂ ಅಂಟದೆ ಓಡಾಡುವ ಫ್ರೀ ಟೆಸ್ಟೋಸ್ಟೆರಾನ್ ಜೇಬಿನ ಕಾಸು, ಒಟ್ಟಿನಲ್ಲಿ ಸುಮಾರು 2 ಪರ್ಸೆಂಟ್. ಟೋಟಲ್ ಅನ್ನುವುದು ಈ ಮೂರನ್ನೂ ಕೂಡಿದ ಮೊತ್ತ. ಎಫ್‌ಡಿ ಕಡಿಮೆ ಇರುವವನ ಮೊತ್ತ ಕಡಿಮೆ ಕಾಣುತ್ತದೆ, ಹಾಗಂತ ಜೇಬು ಖಾಲಿ ಅಂತ ಅಲ್ಲ.

ಈಗ ಇವರ ಲಿವರ್ ಕಡೆ ಬನ್ನಿ. ಎಸ್‌ಎಚ್‌ಬಿಜಿ ತಯಾರಾಗುವುದು ಲಿವರ್‌ನಲ್ಲಿ. ಹೊಟ್ಟೆಯ ಬೊಜ್ಜು, ಫ್ಯಾಟಿ ಲಿವರ್, ಇನ್ಸುಲಿನ್ ರೆಸಿಸ್ಟೆನ್ಸ್, ಟೈಪ್ 2 ಡಯಾಬಿಟಿಸ್ ಇದ್ದರೆ ಲಿವರ್ ಅದನ್ನು ಕಡಿಮೆ ಮಾಡುತ್ತದೆ. ಥೈರಾಯ್ಡ್ ಕಡಿಮೆ ಇದ್ದರೂ, ಮೂತ್ರದಲ್ಲಿ ವಿಪರೀತ ಪ್ರೋಟೀನ್ ಹೋಗುತ್ತಿದ್ದರೂ, ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದರೂ ಇಳಿಯುತ್ತದೆ. ಎಸ್‌ಎಚ್‌ಬಿಜಿ ಇಳಿದಾಗ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಅಂಟಿಕೊಳ್ಳುವ ಜಾಗ ಕಡಿಮೆಯಾಯಿತು, ಅಷ್ಟು ಹಾರ್ಮೋನ್ ಬಿಡುಗಡೆಯಾಗಿ ಫ್ರೀ ಸ್ವಲ್ಪ ಏರಬೇಕು. ಆದರೆ ಮೆದುಳು ಗಮನಿಸುವುದು ಟೋಟಲ್ ಅನ್ನಲ್ಲ, ಫ್ರೀ ಭಾಗವನ್ನು. ಫ್ರೀ ಸಾಕಷ್ಟಿದೆ ಅಂತ ಅದಕ್ಕೆ ಗೊತ್ತಾದ ತಕ್ಷಣ ವೃಷಣಕ್ಕೆ ಆದೇಶ ಕೊಡುವ ಹಾರ್ಮೋನ್ ಎಲ್‌ಎಚ್ ಸ್ವಲ್ಪ ತಗ್ಗುತ್ತದೆ, ವೃಷಣ ಸ್ವಲ್ಪ ಕಡಿಮೆ ತಯಾರಿಸುತ್ತದೆ. ಕೊನೆಗೆ ಫ್ರೀ ಮೊದಲಿನ ಮಟ್ಟಕ್ಕೇ ಬಂದು ನಿಲ್ಲುತ್ತದೆ, ಟೋಟಲ್ ಮಾತ್ರ ಕೆಳಗೆ ಕೂತಿರುತ್ತದೆ. ಅಂದರೆ ರಿಪೋರ್ಟ್‌ನಲ್ಲಿ ಕೆಂಪಾಗಿ ಕಾಣುವ ಆ ಸಂಖ್ಯೆಯ ಹಿಂದೆ ಎಷ್ಟೋ ಸಲ ವೃಷಣದ ತಪ್ಪೂ ಇಲ್ಲ, ಮೆದುಳಿನ ತಪ್ಪೂ ಇಲ್ಲ. ಎರಡೂ ಸರಿಯಾಗಿ ಕೆಲಸ ಮಾಡಿದ್ದರಿಂದಲೇ ಆ ಸಂಖ್ಯೆ ಬಂದಿದೆ.

ಇವರ ಎಸ್‌ಎಚ್‌ಬಿಜಿ ಲೀಟರಿಗೆ 14 ನ್ಯಾನೋಮೋಲ್ ಬಂತು, ತುಂಬಾ ಕಡಿಮೆ. ಆಲ್ಬುಮಿನ್ 4.3 ಗ್ರಾಂ. ಈ ಎರಡನ್ನೂ 248ರ ಜೊತೆ ವರ್ಮ್ಯೂಲೆನ್ ಸೂತ್ರಕ್ಕೆ ಹಾಕಿದೆವು. ಬೆಲ್ಜಿಯಂನ ವರ್ಮ್ಯೂಲೆನ್ ತಂಡ 1999ರಲ್ಲಿ ಪ್ರಕಟಿಸಿದ ಲೆಕ್ಕ ಅದು, ಕ್ಯಾಲ್ಕುಲೇಟರ್ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಫ್ರೀ ಟೆಸ್ಟೋಸ್ಟೆರಾನ್ ಮಿಲಿಲೀಟರ್‌ಗೆ 72 ಪಿಕೋಗ್ರಾಂ ಬಂತು. ಒಟ್ಟಿನ 2.9 ಪರ್ಸೆಂಟ್. ಯುರೋಪಿನ ದೊಡ್ಡ ಅಧ್ಯಯನವೊಂದು 2010ರಲ್ಲಿ ಹೇಳಿದ ಗಡಿ ಈ ಅಳತೆಯಲ್ಲಿ ಸುಮಾರು 63. ಇವರು ಅದರ ಮೇಲಿದ್ದಾರೆ. ಎಲ್‌ಎಚ್ 4.2, ನಾರ್ಮಲ್. ಬೆಳಗಿನ ಜಾವದ ನಿಮಿರುವಿಕೆ ಇದೆಯಾ ಅಂತ ಕೇಳಿದೆ. ಇದೆ ಅಂದರು. ಈ ಪ್ರಶ್ನೆ ಕೇಳಲು ನಾಚಬೇಡಿ, ಸುಸ್ತು ಬೇಜಾರು ಅನ್ನುವುದಕ್ಕಿಂತ ಹೆಚ್ಚು ಮಾಹಿತಿ ಇದರಲ್ಲಿ ಸಿಗುತ್ತದೆ.

"ಮತ್ತೆ ಆ 6.2 ಫ್ರೀ ಏನು ಡಾಕ್ಟ್ರೇ, ಅದೂ ಕಡಿಮೆಯೇ ಇತ್ತಲ್ಲ?" ಅಂತ ಅವರು ಕೇಳಿದರು. ಒಳ್ಳೆಯ ಪ್ರಶ್ನೆ ಅಲ್ವಾ? ಅದು ಡೈರೆಕ್ಟ್ ವಿಧಾನದ ಫ್ರೀ. ನಮ್ಮ ಬಹಳಷ್ಟು ಪ್ಯಾಕೇಜ್‌ಗಳಲ್ಲಿ ಬರುವುದು ಅದೇ. ಹೆಸರು ಫ್ರೀ ಆದರೂ ಅದು ಟೋಟಲ್‌ನ ಹಿಂದೆಯೇ ಏರಿಳಿಯುತ್ತದೆ. ಎಸ್‌ಎಚ್‌ಬಿಜಿ ಕಡಿಮೆ ಇರುವವರಲ್ಲಿ ಇಲ್ಲದ ಕೊರತೆ ತೋರಿಸುತ್ತದೆ, ಅಂದರೆ ನಮಗೆ ಬೇಕಾದ ಕಡೆಯೇ ಕೈಕೊಡುತ್ತದೆ. ಅದರ ಅಳತೆಯೂ ಬೇರೆ, ನಾರ್ಮಲ್ ಮಿತಿಯೇ ಲೆಕ್ಕದ ಫ್ರೀಗಿಂತ ಹಲವು ಪಟ್ಟು ಕೆಳಗೆ. 6.2 ಮತ್ತು 72 ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಲು ಬರುವುದಿಲ್ಲ. ನಿಜವಾದ ಮಾನದಂಡ ಈಕ್ವಿಲಿಬ್ರಿಯಂ ಡಯಾಲಿಸಿಸ್, ಅದು ಎಲ್ಲ ಕಡೆ ಸಿಗದು. ಹಾಗಾಗಿ ಡೈರೆಕ್ಟ್ ಫ್ರೀಗೆ ಕೊಡುವ ದುಡ್ಡನ್ನು ಎಸ್‌ಎಚ್‌ಬಿಜಿಗೆ ಕೊಡಿ, ಉಳಿದದ್ದನ್ನು ಸೂತ್ರ ಮಾಡುತ್ತದೆ.

ಸೂತ್ರಕ್ಕೂ ಮಿತಿ ಇದೆ. ಟೋಟಲ್ ತಪ್ಪಿದ್ದರೆ ಉತ್ತರವೂ ತಪ್ಪು. ಬೇರೆ ಸೂತ್ರ ಹಾಕಿದರೆ ಸಂಖ್ಯೆ ಸ್ವಲ್ಪ ಬದಲಾಗುತ್ತದೆ. ಫ್ರೀಗೆ ಎಲ್ಲರೂ ಒಪ್ಪಿದ ಒಂದೇ ಗಡಿ ಇಲ್ಲ, 50ರಿಂದ 65ರ ನಡುವೆ ಬಂದರೆ ರೋಗಿಯ ಲಕ್ಷಣ ಮತ್ತು ಎಲ್‌ಎಚ್ ನೋಡಿಯೇ ತೀರ್ಮಾನಿಸಬೇಕು. ಮತ್ತೆ, ಬೊಜ್ಜಿದ್ದವರೆಲ್ಲರದೂ ಬರೀ ಎಸ್‌ಎಚ್‌ಬಿಜಿ ಸಮಸ್ಯೆ ಅನ್ನುತ್ತಿಲ್ಲ. ಬೊಜ್ಜು ತೀರಾ ಜಾಸ್ತಿಯಾದಾಗ ಫ್ರೀ ಕೂಡ ನಿಜವಾಗಿ ಇಳಿಯುತ್ತದೆ. ಯಾರಲ್ಲಿ ಯಾವುದು ಅಂತ ತಿಳಿಯುವುದಕ್ಕೂ ಟೋಟಲ್, ಎಸ್‌ಎಚ್‌ಬಿಜಿ, ಲೆಕ್ಕದ ಫ್ರೀ ಮೂರನ್ನೂ ಒಟ್ಟಿಗೆ ಓದಬೇಕು.

ಇವರಿಗೆ ಇಂಜೆಕ್ಷನ್ ಯಾಕೆ ಬೇಡ ಅಂತ ಇಷ್ಟು ಹಟ ಹಿಡಿದೆ ಅಂದರೆ, ಗಂಡ ಹೆಂಡತಿ ಎರಡನೇ ಮಗುವಿಗೆ ಪ್ರಯತ್ನಿಸುತ್ತಿದ್ದರು. ಹೊರಗಿನಿಂದ ಟೆಸ್ಟೋಸ್ಟೆರಾನ್ ಕೊಟ್ಟರೆ ಎಲ್‌ಎಚ್, ಅದರ ಜೊತೆಗಾರ ಹಾರ್ಮೋನ್ ಎಫ್‌ಎಸ್‌ಎಚ್ ಎರಡೂ ಮಲಗುತ್ತವೆ, ಕೆಲವೇ ತಿಂಗಳಲ್ಲಿ ವೀರ್ಯಾಣು ಎಣಿಕೆ ಸೊನ್ನೆಗೂ ಇಳಿಯಬಹುದು. ನಿಲ್ಲಿಸಿದ ಮೇಲೆ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಚೀಟಿ ಬರೆದವರು ಮಕ್ಕಳ ವಿಷಯ ಕೇಳಿಯೇ ಇರಲಿಲ್ಲ. ನನಗೆ ಇದು ನಿಜವಾಗಿ ಸಿಟ್ಟು ಬರಿಸುತ್ತದೆ.

ಹಾಗಾದರೆ ಸುಸ್ತು ಯಾಕೆ? ಉತ್ತರ ಕೊಟ್ಟವರು ಅವರ ಹೆಂಡತಿ. "ಡಾಕ್ಟ್ರೇ, ಇವರ ಗೊರಕೆಗೆ ಪಕ್ಕದ ಮನೆಯವರೂ ಏಳ್ತಾರೆ, ಮಧ್ಯೆ ಮಧ್ಯೆ ಉಸಿರೇ ನಿಂತ ಹಾಗಾಗುತ್ತೆ" ಅಂದರು. ನನ್ನ ರೂಮಿನಲ್ಲಿ ಎಲ್ಲರೂ ನಕ್ಕೆವು, ಅವರೂ ನಕ್ಕರು, ಆದರೆ ರೋಗ ಅಲ್ಲೇ ಸಿಕ್ಕಿತು. ಸ್ಲೀಪ್ ಸ್ಟಡಿ ಮಾಡಿಸಿದೆವು, ಸ್ಲೀಪ್ ಆಪ್ನಿಯಾ ಇತ್ತು. ಮೂರು ತಿಂಗಳ ಶುಗರ್ ಲೆಕ್ಕ ಹೇಳುವ ಎಚ್‌ಬಿಎ1ಸಿ 8.9, ಜಾಸ್ತಿ. ಅದಕ್ಕೆ ಚಿಕಿತ್ಸೆ, ಇದಕ್ಕೆ ಚಿಕಿತ್ಸೆ, ಊಟ ನಡಿಗೆ ಎಲ್ಲ ಬಿಗಿ. ಒಂಬತ್ತು ತಿಂಗಳಲ್ಲಿ 11 ಕೆಜಿ ಇಳಿಸಿದರು. ಮತ್ತೆ ಬೆಳಿಗ್ಗೆ ರಕ್ತ ತೆಗೆದಾಗ ಟೋಟಲ್ 352, ಎಸ್‌ಎಚ್‌ಬಿಜಿ 23. ಲೆಕ್ಕದ ಫ್ರೀ 86. ಗಮನಿಸಿ, ಟೋಟಲ್ ನೂರಕ್ಕೂ ಹೆಚ್ಚು ಏರಿದೆ, ಅಂದರೆ ಶೇಕಡ 40ರಷ್ಟು. ಫ್ರೀ ಏರಿದ್ದು ಶೇಕಡ 20 ಮಾತ್ರ. ಟೋಟಲ್‌ನ ಏರಿಕೆಯಲ್ಲಿ ದೊಡ್ಡ ಪಾಲು ಲಿವರ್ ಸುಧಾರಿಸಿ ಎಸ್‌ಎಚ್‌ಬಿಜಿ ಹೆಚ್ಚಿದ್ದರಿಂದ ಬಂದದ್ದು. ಎಸ್‌ಎಚ್‌ಬಿಜಿ ನೋಡದಿದ್ದರೆ ಇದೂ ಗೊತ್ತಾಗುತ್ತಿರಲಿಲ್ಲ.

ಚೀಟಿ ಬಂತು, ಹತ್ತು ನಿಮಿಷ ಉಳಿದಿದೆಯಂತೆ. ಉಲ್ಟಾ ಕೇಸ್ ಒಂದನ್ನು ಹೇಳದೆ ಇಳಿಯುವುದಿಲ್ಲ. 52 ವರ್ಷ, ತೆಳ್ಳಗಿನ ಮನುಷ್ಯ, ಫಿಟ್ಸ್‌ಗೆ ಹಲವು ವರ್ಷದಿಂದ ಫೆನಿಟಾಯಿನ್. ಟೋಟಲ್ 430. ರಿಪೋರ್ಟ್‌ನಲ್ಲಿ ಕೆಂಪಿಲ್ಲ, ಆದ್ದರಿಂದ "ಎಲ್ಲಾ ನಾರ್ಮಲ್, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ" ಅಂತ ಕಳಿಸಿದ್ದರು. ಆದರೆ ಆಸಕ್ತಿ ಪೂರ್ತಿ ಹೋಗಿತ್ತು, ಬೆಳಗಿನ ನಿಮಿರುವಿಕೆ ಇಲ್ಲ, ಹಿಮೋಗ್ಲೋಬಿನ್ 11.8. ಫೆನಿಟಾಯಿನ್, ಕಾರ್ಬಮಜೆಪಿನ್ ಎಸ್‌ಎಚ್‌ಬಿಜಿಯನ್ನು ಏರಿಸುತ್ತವೆ. ವಯಸ್ಸು, ಸಿರೋಸಿಸ್, ಥೈರಾಯ್ಡ್ ಜಾಸ್ತಿ, ಎಚ್‌ಐವಿ ಕೂಡ. ಇವರದು 82. ಲೆಕ್ಕದ ಫ್ರೀ 46, ಒಟ್ಟಿನ 1 ಪರ್ಸೆಂಟ್ ಚಿಲ್ಲರೆ. ಎಲ್‌ಎಚ್ 13, ಮೇಲೇರಿದೆ, ಮೆದುಳು ಸಾಲದು ಸಾಲದು ಅಂತ ಕೇಳುತ್ತಿದೆ. 430 ಇರುವ ಇವರಿಗೆ ನಿಜವಾದ ಕೊರತೆ, 248 ಇದ್ದ ಅವರಿಗೆ ಇಲ್ಲ. ಫಿಟ್ಸ್ ಮಾತ್ರೆಯನ್ನು ನಾವೇ ನಿಲ್ಲಿಸುವ ಹಾಗಿಲ್ಲ, ನರರೋಗ ತಜ್ಞರ ಜೊತೆ ಮಾತಾಡಿ ಬದಲಿಸಿದೆವು.

ಉಳಿದದ್ದನ್ನು ಓಡಿಸುತ್ತೇನೆ. ಎಲ್ಲರಿಗೂ ಎಸ್‌ಎಚ್‌ಬಿಜಿ ಬೇಕಿಲ್ಲ. ಬೆಳಗಿನ ಟೋಟಲ್ 200ರಿಂದ 400ರ ನಡುವೆ ಇದ್ದರೆ, ಅಥವಾ ಅದನ್ನು ಏರಿಳಿಸುವ ಕಾಯಿಲೆ, ಮಾತ್ರೆ ಇದ್ದರೆ ಮಾಡಿಸಿ. ಟೋಟಲ್ 150ಕ್ಕಿಂತ ಕೆಳಗೆ, ಎಲ್‌ಎಚ್ ಕೂಡ ಕಡಿಮೆ ಅಂದರೆ ಎಸ್‌ಎಚ್‌ಬಿಜಿ ಹಿಡಿದು ಕೂರಬೇಡಿ, ಪ್ರೊಲ್ಯಾಕ್ಟಿನ್ ನೋಡಿ, ಪಿಟ್ಯೂಟರಿಗೆ ಎಂಆರ್‌ಐ ಮಾಡಿಸಿ. ಇಂಜೆಕ್ಷನ್ ನಿಜಕ್ಕೂ ಬೇಕಾದವರಿಗೆ ಮೊದಲು ಹಿಮಟೋಕ್ರಿಟ್, ಪಿಎಸ್‌ಎ ನೋಡಿಕೊಂಡು ಕೊಡಿ, ಹಿಮಟೋಕ್ರಿಟ್ 54 ದಾಟಿದರೆ ನಿಲ್ಲಿಸಿ. ಜಿಮ್ ಹುಡುಗರ ಸ್ಟೆರಾಯ್ಡ್ ವಿಷಯ ಸ್ಲೈಡ್‌ನಲ್ಲಿತ್ತು, ಅದಕ್ಕೆ ಇವತ್ತು ಹೊತ್ತಿಲ್ಲ.

ಪ್ರಶ್ನೆಗಳಿಗೆ ಐದು ನಿಮಿಷ ಇದೆ. ಲ್ಯಾಬ್‌ನವರು ಮೊದಲು ಕೇಳಿ. ಎಸ್‌ಎಚ್‌ಬಿಜಿಯನ್ನು ಪ್ಯಾಕೇಜ್‌ಗೆ ಸೇರಿಸಲು ಎಷ್ಟು ಖರ್ಚಾಗುತ್ತದೆ ಅಂತ ನನಗೂ ನಿಮ್ಮಿಂದ ತಿಳಿಯಬೇಕಿದೆ.